ಗುಮಾಸ್ತರ ಆಯ್ಕೆಯಲ್ಲಿ ಅರಿವಿಲ್ಲದೆ ನುಸುಳುವ ಪೂರ್ವಗ್ರಹ: ಗುರುತಿಸುವುದು, ತಡೆಯುವುದು ಹೇಗೆ?

ಗಂಗಾವತಿಯ ಒಂದು ರೈಸ್‌ಮಿಲ್ಲಿಗೆ ಲೆಕ್ಕಪತ್ರ ನೋಡಿಕೊಳ್ಳುವ ಗುಮಾಸ್ತರು ಬೇಕಾಗಿದ್ದಾರೆ ಎಂದುಕೊಳ್ಳೋಣ. ಸಂದರ್ಶನಕ್ಕೆ ಮಾಲೀಕರು, ಮ್ಯಾನೇಜರ್ ಹಾಗೂ ಹಿರಿಯ ಲೆಕ್ಕಿಗರು ಕುಳಿತಿದ್ದಾರೆ. ನಮ್ಮ ಭಾಗದಲ್ಲಿ ಇಂತಹ ಸಂದರ್ಶನ ಸಾಮಾನ್ಯವಾಗಿ “ಯಾವ ಊರು, ಯಾರ ಪೈಕಿ?” ಎಂಬ ಪ್ರಶ್ನೆಯಿಂದಲೇ ಆರಂಭವಾಗುತ್ತದೆ. ಕೇಳುವವರಲ್ಲಿ ಕೆಟ್ಟ ಉದ್ದೇಶವಿರುವುದಿಲ್ಲ. ಆದರೆ ಪರಿಚಿತ ಅಡ್ಡಹೆಸರು ಕಿವಿಗೆ ಬಿದ್ದೊಡನೆ ಮುಂದಿನ ಪ್ರಶ್ನೆಗಳು ಸಲೀಸಾಗುತ್ತವೆ, ಅಪರಿಚಿತರಿಗೆ ಅದೇ ಪ್ರಶ್ನೆಗಳು ತುಸು ಬಿಗಿಯಾಗುತ್ತವೆ.

ಹೆಸರಿನ ಪ್ರಭಾವ ಬರೀ ಊಹೆಯಲ್ಲ. ಸುಖದೇವ ಥೋರಟ್ ಮತ್ತು ಪಾಲ್ ಆಟ್‌ವೆಲ್ ಅವರು ಖಾಸಗಿ ಕಂಪನಿಗಳ ಪತ್ರಿಕಾ ಜಾಹೀರಾತುಗಳಿಗೆ ಸಮಾನ ವಿದ್ಯಾರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಕಳುಹಿಸಿ ನಡೆಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮೇಲ್ಜಾತಿಯ ಹಿಂದೂ ಹೆಸರಿನ ಅರ್ಜಿಗೆ ಹೋಲಿಸಿದರೆ, ಕರೆ ಬರುವ ಸಂಭವ ದಲಿತ ಹೆಸರಿಗೆ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು ಮಾತ್ರ ಇತ್ತು.

ಆದ್ದರಿಂದ ಮೊದಲು ಮಾಡಬೇಕಾದದ್ದು, ಅರ್ಜಿ ಕರೆಯುವ ಮುನ್ನವೇ ಕೆಲಸವನ್ನು ಮೂರು-ನಾಲ್ಕು ಸಾಲುಗಳಲ್ಲಿ ಬರೆದಿಡುವುದು: ಭತ್ತ ಖರೀದಿಯ ಚೀಟಿ ತಾಳೆ ನೋಡುವುದು, ಟ್ಯಾಲಿಯಲ್ಲಿ ನಮೂದಿಸುವುದು, ರೈತರಿಗೆ ಪಾವತಿಯ ಲೆಕ್ಕ ತಿಳಿಸುವುದು. ಈ ಪಟ್ಟಿಯಲ್ಲಿಲ್ಲದ ಗುಣವನ್ನು ಅಭ್ಯರ್ಥಿಯ ಮುಖ ನೋಡಿದ ಮೇಲೆ ಸೇರಿಸಬಾರದು. ಅನಂತರ, ಆಯ್ಕೆಯಲ್ಲಿ ಕೂರದ ಒಬ್ಬರು ಅರ್ಜಿಗಳಲ್ಲಿನ ಹೆಸರು, ತಂದೆಯ ಹೆಸರು, ಊರು, ಭಾವಚಿತ್ರಗಳನ್ನು ಮುಚ್ಚಿ ಕ್ರಮಸಂಖ್ಯೆ ಕೊಡಬೇಕು. ನಮ್ಮಲ್ಲಿ ಊರಿನ ಹೆಸರೇ ಅಡ್ಡಹೆಸರಾಗಿರುವುದೂ ಉಂಟು, ಹೀಗಾಗಿ ಒಂದನ್ನು ಮುಚ್ಚಿ ಇನ್ನೊಂದನ್ನು ಬಿಟ್ಟರೆ ಪ್ರಯೋಜನವಿಲ್ಲ. ಈ ಮರೆ ಸಂದರ್ಶನದ ಬಾಗಿಲಿನವರೆಗೆ ಮಾತ್ರ. ಅಲ್ಲಿಂದಾಚೆಗೆ ಬೇರೆ ಕ್ರಮ ಬೇಕು.

ಆ ಕ್ರಮವೆಂದರೆ ಕೆಲಸವನ್ನೇ ಮಾಡಿಸಿ ನೋಡುವುದು. ಎಲ್ಲರಿಗೂ ಒಂದೇ ರೀತಿಯ ಹತ್ತು ಖರೀದಿ ಚೀಟಿ ಹಾಗೂ ನಲವತ್ತು ನಿಮಿಷ ಕೊಡಿ; ಎರಡರಲ್ಲಿ ಬೇಕೆಂದೇ ತಪ್ಪಿರಲಿ. ಒಂದರಲ್ಲಿ ತುಂಬಿದ ಲಾರಿ 24,300 ಕೆ.ಜಿ., ಖಾಲಿ ಲಾರಿ 9,300 ಕೆ.ಜಿ. ಎಂದಿರುತ್ತದೆ. ಉಳಿಯುವ 15,000 ಕೆ.ಜಿ.ಗೆ 75 ಕೆ.ಜಿ.ಯ ಚೀಲದ ಲೆಕ್ಕದಲ್ಲಿ 200 ಚೀಲವಾಗಬೇಕು, ಆದರೆ ಚೀಟಿಯಲ್ಲಿ 210 ಎಂದು ಬರೆದಿರುತ್ತದೆ. ಇದನ್ನು ಹಿಡಿದವರು ಯಾರ ಪೈಕಿ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಸಂದರ್ಶನದಲ್ಲಿ ಎಲ್ಲರಿಗೂ ಅದೇ ಮೂರು ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಬೇಕು. ಮಹಿಳೆಯರಿಗೆ ಮಾತ್ರ “ಮದುವೆ ಯಾವಾಗ?” ಎಂಬ ನಾಲ್ಕನೆಯ ಪ್ರಶ್ನೆ ಹುಟ್ಟಿಕೊಂಡರೆ ಪೂರ್ವಗ್ರಹ ಅಲ್ಲಿಯೇ ಕಣ್ಣಿಗೆ ಬೀಳುತ್ತದೆ. ಉತ್ತರಕ್ಕೆ ಐದು ಅಂಕಗಳಿರಲಿ, ಆದರೆ ಯಾವ ಉತ್ತರಕ್ಕೆ ಎಷ್ಟು ಎಂಬುದು ಮೊದಲೇ ತೀರ್ಮಾನವಾಗಿರಲಿ. “ತೂಕದ ಚೀಟಿಗೂ ಬಿಲ್ಲಿಗೂ ತಾಳೆಯಾಗದಿದ್ದರೆ?” ಎಂಬುದಕ್ಕೆ ಅಂಕಿ ತಿದ್ದಿ ಹೊಂದಿಸುತ್ತೇನೆ ಎಂದವರಿಗೆ 1, ಮ್ಯಾನೇಜರಿಗೆ ತಿಳಿಸುತ್ತೇನೆ ಎಂದವರಿಗೆ 3, ಪಾವತಿ ತಡೆದು, ವೇಬ್ರಿಜ್‌ನಿಂದ ತೂಕದ ಚೀಟಿಯ ಪ್ರತಿ ತರಿಸಿ, ರೈತರಿಗೂ ಮ್ಯಾನೇಜರಿಗೂ ತಿಳಿಸುತ್ತೇನೆ ಎಂದವರಿಗೆ 5. ಮೂವರೂ ಪರಸ್ಪರ ಮಾತನಾಡುವ ಮುನ್ನ ಅಂಕ ಮತ್ತು ಕಾರಣವನ್ನು ಬರೆದು ಮುಗಿಸಿರಬೇಕು. ಮಾಲೀಕರು ಮೊದಲು ಬಾಯಿ ತೆರೆದರೆ ಉಳಿದಿಬ್ಬರ ಅಂಕವೂ ಅವರದೇ ಆಗಿಬಿಡುತ್ತದೆ. ಇದನ್ನು ಪಾಲಿಸುವುದು ಹೇಳಿದಷ್ಟು ಸುಲಭವಲ್ಲ.

ಈಗ ಇಬ್ಬರ ಅಂಕ ನೋಡೋಣ. ಸಿಂಧನೂರು ಕಡೆಯಿಂದ ಬಂದ ಯುವತಿಗೆ ಪರೀಕ್ಷೆಯಲ್ಲಿ 20ಕ್ಕೆ 18. ಸಂದರ್ಶನದಲ್ಲಿ 15ಕ್ಕೆ ಮೂವರು ಕೊಟ್ಟದ್ದು 12, 11, 7, ಅಂದರೆ ಸರಾಸರಿ 10. ದಲಾಲರೊಬ್ಬರ ಶಿಫಾರಸಿನಿಂದ ಬಂದ ಯುವಕನಿಗೆ ಪರೀಕ್ಷೆಯಲ್ಲಿ 13, ಸಂದರ್ಶನದಲ್ಲಿ ಮೂವರಿಂದಲೂ 12. ಸಂದರ್ಶನವೊಂದನ್ನೇ ನಂಬಿದ್ದರೆ ಯುವಕನ ಆಯ್ಕೆಯಾಗುತ್ತಿತ್ತು. ಒಟ್ಟು ಲೆಕ್ಕದಲ್ಲಿ ಯುವತಿಗೆ 28, ಯುವಕನಿಗೆ 25.

ಇಲ್ಲಿ ವಿಚಾರಿಸಬೇಕಾದದ್ದು ಆ 7 ಎಲ್ಲಿಂದ ಬಂತು ಎಂಬುದನ್ನು. ಕಾರಣದ ಜಾಗದಲ್ಲಿ “ಧ್ವನಿ ಮೆತ್ತಗಿದೆ, ಹಮಾಲರೊಂದಿಗೆ ಏಗಲಾರಳು” ಎಂದು ಬರೆದಿದೆ. ಹಮಾಲರೊಂದಿಗಿನ ವ್ಯವಹಾರ ಆರಂಭದ ಪಟ್ಟಿಯಲ್ಲಿರಲಿಲ್ಲ, ಯುವಕನನ್ನು ಅದರ ಬಗ್ಗೆ ಕೇಳಲೂ ಇಲ್ಲ. ಅದು ನಿಜಕ್ಕೂ ಈ ಹುದ್ದೆಯ ಭಾಗವಾಗಿದ್ದರೆ ಪಟ್ಟಿಗೆ ಸೇರಿಸಿ ಇಬ್ಬರನ್ನೂ ಮತ್ತೆ ಕರೆದು ಕೇಳಬೇಕು. ಅಲ್ಲವಾದರೆ ಆ ಅಂಕವನ್ನು ಉತ್ತರವನ್ನಷ್ಟೇ ನೋಡಿ ಮತ್ತೆ ಹಾಕಬೇಕು. “ಯಾಕೋ ಸರಿ ಅನ್ನಿಸಲಿಲ್ಲ”, “ನಮ್ಮಲ್ಲಿ ಹೊಂದಿಕೊಳ್ಳಲಾರರು” ಎಂಬ ಕಾರಣಗಳಿಗೂ ಇದೇ ಪರೀಕ್ಷೆ ಸಲ್ಲುತ್ತದೆ: ಅಭ್ಯರ್ಥಿ ಹೇಳಿದ ಯಾವ ಮಾತಿನಿಂದ ಹಾಗನ್ನಿಸಿತು ಎಂಬುದನ್ನು ಬರೆಯಲಾಗದಿದ್ದರೆ ಅದಕ್ಕೆ ಅಂಕ ಕಳೆಯುವಂತಿಲ್ಲ.

ಇಷ್ಟಾದರೂ, ಅರ್ಜಿಗಳೆಲ್ಲ ಪರಿಚಿತರ ಬಾಯಿಮಾತಿನಿಂದಲೇ ಬಂದಿದ್ದರೆ ಮುಚ್ಚಿದ ಹೆಸರುಗಳ ಹಿಂದೆ ಒಂದೇ ಬಳಗದವರಿರುತ್ತಾರೆ. ಹೀಗಾಗಿ ಜಾಹೀರಾತನ್ನು ಐಟಿಐ, ಪದವಿ ಕಾಲೇಜುಗಳ ಸೂಚನಾಫಲಕಗಳಿಗೂ ಉದ್ಯೋಗ ವಿನಿಮಯ ಕಚೇರಿಗೂ ತಲುಪಿಸುವುದು ಒಳಿತು. ಅಂಕಪಟ್ಟಿಗಳನ್ನು ಕಡತದಲ್ಲಿಟ್ಟು, ವರ್ಷದ ಕೊನೆಗೆ ಅರ್ಜಿ, ಪರೀಕ್ಷೆ, ಸಂದರ್ಶನ, ನೇಮಕ ಈ ನಾಲ್ಕು ಹಂತಗಳಲ್ಲಿ ಮಹಿಳೆಯರು ಎಷ್ಟು, ಹೊರ ತಾಲ್ಲೂಕಿನವರು ಎಷ್ಟು ಉಳಿದರು ಎಂದು ಎಣಿಸಬೇಕು. ಒಂದೇ ನೇಮಕದಿಂದ ಏನನ್ನೂ ಹೇಳಲಾಗದು. ಆದರೆ ಪರೀಕ್ಷೆಯಲ್ಲಿ ಗೆದ್ದವರು ಸಂದರ್ಶನದಲ್ಲಿ ಮತ್ತೆ ಮತ್ತೆ ಉದುರುತ್ತಿದ್ದರೆ ಮೊದಲು ತೆರೆಯಬೇಕಾದದ್ದು ಸಂದರ್ಶಕರು ಕಾರಣ ಬರೆದ ಹಾಳೆಗಳನ್ನು.