ಕ್ರುಸೇಡ್ ಚರ್ಚೆಗೆ ನಾನು ಹೂಡಿದ ವಾದ

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ‘ಕ್ರುಸೇಡ್‌ಗಳು ಮುಖ್ಯವಾಗಿ ಧಾರ್ಮಿಕ ಯುದ್ಧಗಳು’ ಎಂಬ ವಿಷಯದ ಪರವಾಗಿ ಮಾತನಾಡಲು ನಾನೇ ಮುಂದಾದೆ. ಜೆರುಸಲೇಮನ್ನು ಮುಸ್ಲಿಮರ ಆಳ್ವಿಕೆಯಿಂದ ಬಿಡಿಸಲೆಂದು ಮಧ್ಯಯುಗದ ಯುರೋಪಿನ ಕ್ರೈಸ್ತರು ಪೂರ್ವಕ್ಕೆ ನಡೆಸಿದ ದಂಡಯಾತ್ರೆಗಳೇ ಕ್ರುಸೇಡ್‌ಗಳು. ಎದುರಾಳಿಗಳು ಏನು ಹೇಳುತ್ತಾರೆಂಬುದು ಮೊದಲೇ ಗೊತ್ತಿತ್ತು: ಆಸ್ತಿಯಿಲ್ಲದ ಕಿರಿಯ ಮಕ್ಕಳು ಭೂಮಿ ಹುಡುಕಿಕೊಂಡು ಪೂರ್ವಕ್ಕೆ ಹೋದರು, ದೇವರ ಹೆಸರು ನೆಪ ಮಾತ್ರ. ಪೋಪ್ ಎರಡನೇ ಅರ್ಬನ್ 1095ರಲ್ಲಿ ಕ್ಲೆರ್ಮಾಂಟ್‌ನಲ್ಲಿ ಮೊದಲ ಕ್ರುಸೇಡ್‌ಗೆ ಕರೆಕೊಟ್ಟು ಮಾಡಿದ ಭಾಷಣದ ಭಕ್ತಿಯ ಮಾತುಗಳನ್ನು ಉದ್ಧರಿಸಿದರೆ ಇದಕ್ಕೆ ಉತ್ತರವಾಗುವುದಿಲ್ಲ. ಬಾಯಿಮಾತನ್ನು ಯಾರಾದರೂ ಆಡಬಹುದು. ಹೊರಟವರು ತಮ್ಮ ಆಸ್ತಿಯನ್ನು ಏನು ಮಾಡಿದರು ಎಂದು ನೋಡಿದರೆ ಮನಸ್ಸು ತಿಳಿಯುತ್ತದೆ ಎನ್ನಿಸಿತು.

ಹಾಗಾಗಿ ನಾರ್ಮಂಡಿಯ ಡ್ಯೂಕ್ ರಾಬರ್ಟ್‌ನನ್ನು ಆರಿಸಿಕೊಂಡೆ. ಅವನು ಆಸ್ತಿಯಿಲ್ಲದ ಕಿರಿಯ ಮಗನಲ್ಲ, ಹಿರಿಯ ಮಗ. 1096ರಲ್ಲಿ ಇಡೀ ನಾರ್ಮಂಡಿಯನ್ನು ತಮ್ಮನಾದ ಇಂಗ್ಲೆಂಡಿನ ರಾಜ ಎರಡನೇ ವಿಲಿಯಂಗೆ 10,000 ಬೆಳ್ಳಿ ಮಾರ್ಕ್‌ಗಳಿಗೆ ಒತ್ತೆಯಿಟ್ಟ. ನಮ್ಮಲ್ಲಿ ಹೊಲವನ್ನು ಭೋಗ್ಯಕ್ಕೆ ಹಾಕುವ ಹಾಗೆಯೇ ಇದು: ಅಣ್ಣ ಬರುವ ತನಕ ಆಳ್ವಿಕೆಯೂ ಆದಾಯವೂ ತಮ್ಮನದು. ಆ ಹಣ ಹೊಂದಿಸಲು ವಿಲಿಯಂ ಇಂಗ್ಲೆಂಡಿನಲ್ಲಿ ಭಾರೀ ತೆರಿಗೆ ಹಾಕಿದ. ರಾಬರ್ಟ್ ಜೆರುಸಲೇಮಿನವರೆಗೆ ಹೋಗಿ ಹೋರಾಡಿ, 1100ರಲ್ಲಿ ಊರಿಗೆ ಮರಳಿದ. ಅಲ್ಲಿ ರಾಜ್ಯ ಕಟ್ಟಿಕೊಳ್ಳಲಿಲ್ಲ.

‘ಒಬ್ಬ ಡ್ಯೂಕ್‌ನಿಂದ ಏನು ಸಾಬೀತಾಗುತ್ತದೆ, ಅದೇ ದಂಡಿನ ನಾಯಕ ಬೋಹೆಮಂಡ್ ದಾರಿಯಲ್ಲಿ ಗೆದ್ದ ಆಂಟಿಯೋಕ್ ನಗರವನ್ನು ತಾನೇ ಇಟ್ಟುಕೊಂಡನಲ್ಲ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೂ ಅಣಿಯಾದೆ. ಬೋಹೆಮಂಡ್ ವಿಷಯವನ್ನು ಒಪ್ಪಿಕೊಂಡು, ಆಂಟಿಯೋಕಿನ ದಕ್ಷಿಣಕ್ಕಿರುವ ಮಅರ‍್ರಾ ಪಟ್ಟಣಕ್ಕೆ ಮಾತನ್ನು ತಿರುಗಿಸಿದೆ. ನಾಯಕರು ಆಂಟಿಯೋಕ್ ಯಾರದೆಂದು ಜಗಳವಾಡುತ್ತಾ ತಿಂಗಳುಗಟ್ಟಲೆ ಕಳೆದರು. ಗೆದ್ದ ಮಅರ‍್ರಾವನ್ನು ಟುಲೂಸ್‌ನ ಕೌಂಟ್ ರೇಮಂಡ್ ತನ್ನ ಹಿಡಿತದಲ್ಲಿ ಇಟ್ಟುಕೊಳ್ಳಬಯಸಿದ. ಹಸಿವಿನಿಂದ ಕಂಗೆಟ್ಟಿದ್ದ ಬಡ ಯಾತ್ರಿಕರು ಆ ಪಟ್ಟಣದ ಕೋಟೆಗೋಡೆಯನ್ನೇ ತಮ್ಮ ಕೈಯಾರೆ ಕೆಡವಿದರು. ಕಾಯಲು ಕೋಟೆಯೇ ಇಲ್ಲವೆಂದ ಮೇಲೆ ರೇಮಂಡ್ 1099ರ ಜನವರಿಯಲ್ಲಿ ಬರಿಗಾಲಲ್ಲಿ ಜೆರುಸಲೇಮಿನತ್ತ ಹೊರಡಬೇಕಾಯಿತು. ಭೂಮಿಯ ಆಸೆ ಮತ್ತು ಯಾತ್ರೆಯ ಹರಕೆ ಮುಖಾಮುಖಿಯಾದಾಗ ಗೆದ್ದದ್ದು ಹರಕೆ. ಈ ಭಾಗಕ್ಕೆ ಭಾಷಣದ ಅರ್ಧದಷ್ಟು ಸಮಯ ಕೊಟ್ಟೆ, ಸಭೆಯೂ ಇಲ್ಲಿಯೇ ಕಿವಿಗೊಟ್ಟಿತು.

ನಾಲ್ಕನೇ ಕ್ರುಸೇಡ್ ನನ್ನ ವಾದಕ್ಕೆ ಕಠಿಣವಾದ ಜಾಗ. ವೆನಿಸ್‌ಗೆ ಹಡಗುಗಳಿಗಾಗಿ 85,000 ಮಾರ್ಕ್ ಕೊಡುವ ಒಪ್ಪಂದವಾಗಿತ್ತು. ಬರಬೇಕಿದ್ದ 33,500 ಜನರಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಬಂದು, ಸಾಲ ತೀರದೆ, ಅದರ ಬದಲಿಗೆ ವೆನಿಸ್ ಕೇಳಿದಂತೆ ದಂಡು ಕ್ರೈಸ್ತರದೇ ಆದ ಜಾರಾ ನಗರದ ಮೇಲೆ ಬಿತ್ತು. 1204ರಲ್ಲಿ ಮತ್ತೊಂದು ಕ್ರೈಸ್ತ ನಗರ ಕಾನ್‌ಸ್ಟಾಂಟಿನೋಪಲ್ ಲೂಟಿಯಾಯಿತು. ಅಲ್ಲಿ ಹಣವೇ ದಾರಿ ತೋರಿಸಿತು ಎಂದು ನೇರವಾಗಿ ಹೇಳಿದೆ. ಆದರೆ ಜಾರಾ ಮುತ್ತಿಗೆಯನ್ನು ವಿರೋಧಿಸಿ ಸೈಮನ್ ದ ಮಾಂಟ್‌ಫರ್ಟ್‌ನಂಥವರು ದಂಡನ್ನೇ ಬಿಟ್ಟು ಹೋದದ್ದನ್ನೂ ಜೊತೆಗೆ ಇಟ್ಟೆ. ಹಣಕ್ಕಾಗಿಯೇ ಬಂದಿದ್ದರೆ ಅವರು ಹೊರಟುಹೋಗಲು ಕಾರಣವೇನು ಎಂದು ಎದುರಾಳಿಗಳನ್ನು ಕೇಳಿ ಕುಳಿತೆ.