ಜಳಕದ ಹೊತ್ತಿಗೆ ಹೊಡೆಯುವ ಅಜ್ಜಿ: ಗುಳಿಗೆಗೆ ಮುಂಚೆ ನಾವು ಮಾಡಿದ್ದು

ನಮ್ಮ ಕಡೆ ಜನ ಅರಳು ಮರಳು ಅನ್ನುವ ಡಿಮೆನ್ಶಿಯಾ ಇರುವವರನ್ನು ನೋಡಿಕೊಳ್ಳುವ ಆಶ್ರಮಗಳಲ್ಲಿ ಹೊಡೆತ, ಪರಚು, ಕೂಗಾಟ ಹೆಚ್ಚಾಗಿ ಬಚ್ಚಲಮನೆಯಲ್ಲೇ ಆಗುತ್ತವೆ. ಬಟ್ಟೆ ಬಿಚ್ಚುವುದು, ಗುರುತು ಸಿಗದವರು ಮೈ ಮುಟ್ಟುವುದು, ತಲೆಯ ಮೇಲೆ ನೀರು ಬೀಳುವುದು ಅಲ್ಲಿ ಐದು ನಿಮಿಷದೊಳಗೆ ಆಗಿಹೋಗುತ್ತವೆ. ರಾಯಚೂರು ಜಿಲ್ಲೆಯ ನಮ್ಮ ಆಶ್ರಮದಲ್ಲಿ ಎಪ್ಪತ್ತೆಂಟು ವಯಸ್ಸಿನ ಒಬ್ಬ ಅಜ್ಜಿಯ ವಿಷಯದಲ್ಲಿ ನಾವು ಏನೇನು ಮಾಡಿದೆವು ಎಂಬುದನ್ನು ಇಲ್ಲಿ ಬರೆದಿದ್ದೇವೆ. ಅವರಿಗೆ ಆಲ್ಝೈಮರ್ಸ್ ಎಂದು ಗೊತ್ತಾಗಿ ನಾಲ್ಕು ವರ್ಷವಾಗಿತ್ತು, ತೂಕ 41 ಕೆ.ಜಿ. ಅವರ ಫೈಲಿನಲ್ಲಿ ‘ಸಿಟ್ಟಿನ ಸ್ವಭಾವ, ಕಳ್ಳತನದ ಭ್ರಮೆ’ ಎಂದು ಬರೆದಿತ್ತು. ಮನೆಯವರು ಹಳೇ ಚೀಟಿಯ ಮೇಲೆ ತಂದ, ಭ್ರಮೆ ಮತ್ತು ಉದ್ರೇಕ ತಗ್ಗಿಸಲು ಕೊಡುವ ರಿಸ್ಪೆರಿಡೋನ್ ಗುಳಿಗೆಯ ಪಟ್ಟಿಯೊಂದನ್ನೂ ಕೊಟ್ಟುಹೋಗಿದ್ದರು.

ಆ ಪಟ್ಟಿಯನ್ನು ನಾವು ಬೀಗದ ಕಪಾಟಿನಲ್ಲಿಟ್ಟೆವು. ಕಾರಣ ಇದು. ಈ ಗುಂಪಿನ ಔಷಧಿಗಳಿಂದ ಡಿಮೆನ್ಶಿಯಾ ಇರುವ ವೃದ್ಧರಲ್ಲಿ ಸಾವು ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ ಎಚ್ಚರಿಕೆ ಕೊಟ್ಟಿತು. ಸುಮಾರು ಹತ್ತು ವಾರದ ಪ್ರಯೋಗಗಳಲ್ಲಿ ಔಷಧಿಯೇ ಇಲ್ಲದ ಹುಸಿ ಗುಳಿಗೆ ತಗೊಂಡವರ ಪೈಕಿ ನೂರಕ್ಕೆ 2.6 ಮಂದಿ ತೀರಿಕೊಂಡಿದ್ದರೆ, ಔಷಧಿ ತಗೊಂಡವರಲ್ಲಿ ಅದು 4.5 ಇತ್ತು. ಪಾರ್ಶ್ವವಾಯು, ಬೀಳುವುದು, ಮೈ ಬಿಗಿಯುವುದು ಇವು ಬೇರೆ. ಹಾಗಂತ ಆ ಗುಳಿಗೆಯೇ ಬೇಡ ಅಂತಲ್ಲ. ಅದಕ್ಕೆ ಮುಂಚೆ ಮಾಡಬೇಕಾದ ಕೆಲಸ ಇನ್ನೂ ಬಾಕಿ ಇತ್ತು.

ಮೊದಲು ಕೇಳಿದ್ದು, ಇದು ಯಾವಾಗಿಂದ ಶುರುವಾಯಿತು? ನಿನ್ನೆ ಮೊನ್ನೆ ಇದ್ದಕ್ಕಿದ್ದಂತೆ ಬಂದಿದ್ದು, ದಿನದೊಳಗೇ ಏರಿಳಿಯುತ್ತಿದ್ದು, ಮಂಪರು ಜೊತೆಗಿದ್ದರೆ ಅದು ಮೈಯೊಳಗಿನ ಬೇರೆ ಕಾಯಿಲೆಯ ಸೂಚನೆ. ಜ್ವರ, ಮೂತ್ರದ ಸೋಂಕು, ನೀರಿನಂಶ ಕಡಿಮೆಯಾಗಿರುವುದು, ಮಲಬದ್ಧತೆ, ಹೊಸದಾಗಿ ಶುರುವಾದ ಯಾವುದೋ ಔಷಧಿ ಕಾರಣವಿರಬಹುದು. ಅಂಥವರನ್ನು ಅವತ್ತೇ ಡಾಕ್ಟರಿಗೆ ತೋರಿಸಬೇಕು, ನಡವಳಿಕೆ ಬರೆದಿಡುತ್ತ ಕೂಡಬಾರದು. ಬೇಸಿಗೆಯಲ್ಲಿ ಇದು ಇನ್ನೂ ಮುಖ್ಯ. ನಲವತ್ತು ಡಿಗ್ರಿ ದಾಟಿದ ದಿನಗಳಲ್ಲಿ ಇವರು ಬಾಯಾರಿಕೆ ಅಂತ ಹೇಳುವುದಿಲ್ಲ, ನಾವೇ ಲೋಟ ಕೈಗೆ ಕೊಡಬೇಕು. ನಮ್ಮ ಅಜ್ಜಿಯದು ಎರಡು ತಿಂಗಳ ಹಳೇ ತೊಂದರೆ, ಜ್ವರವಿಲ್ಲ, ಮೂತ್ರ ಸರಿಯಿತ್ತು. ಆದರೆ ನಾಲ್ಕು ದಿನದಿಂದ ಹೊಟ್ಟೆ ಕಟ್ಟಿತ್ತು, ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಅದನ್ನು ಮೊದಲು ಸರಿಮಾಡಿದೆವು. ಹೊಡೆತ ನಿಲ್ಲಲಿಲ್ಲ.

ಆಮೇಲೆ ಏಳು ದಿನ ಒಂದು ಹಾಳೆ ಬರೆದೆವು. ದಿನ ಮತ್ತು ಗಂಟೆ, ಅದಕ್ಕೆ ಸ್ವಲ್ಪ ಮುಂಚೆ ಏನು ನಡೀತಿತ್ತು, ಅಜ್ಜಿ ಏನು ಮಾಡಿದರು ಮತ್ತು ಏನು ಅಂದರು, ಆಮೇಲೆ ನಾವು ಏನು ಮಾಡಿದೆವು, ಯಾರು ಇದ್ದರು. ಇಷ್ಟೇ ಐದು ಮನೆಗಳು. ಘಟನೆ ಮುಗಿದ ಹತ್ತು ನಿಮಿಷದೊಳಗೆ, ಅಲ್ಲಿದ್ದವರೇ ಬರೆಯಬೇಕು. ಡ್ಯೂಟಿ ಮುಗಿಸುವಾಗ ಬರೆದರೆ ನೆನಪು ಹೋಗಿ ಅಭಿಪ್ರಾಯ ಉಳಿದಿರುತ್ತದೆ. ‘ಸಿಟ್ಟಿಗೆದ್ದರು’, ‘ಹಟ ಮಾಡಿದರು’ ಎಂದು ಬರೆದ ಸಾಲನ್ನು ನಾವು ಒಪ್ಪಲಿಲ್ಲ. ‘ಬಲಗೈ ಮೇಲೆತ್ತಿದಾಗ ಎಡಗೈಯಿಂದ ನನ್ನ ಮುಂಗೈ ಪರಚಿದರು’ ಎಂದಿದ್ದರೆ ಅದರಿಂದ ಏನಾದರೂ ತಿಳಿಯುತ್ತದೆ. ಓದು ಬರಹ ಕಡಿಮೆ ಇದ್ದ ಆಯಾಗಳು ಹೇಳಿದ್ದನ್ನು ನರ್ಸ್ ಅವರ ಮಾತಿನಲ್ಲೇ ಬರೆದುಕೊಂಡರು. ನಿಜ ಹೇಳಬೇಕೆಂದರೆ ಅವೇ ಚೆನ್ನಾದ ಸಾಲುಗಳು.

ವಾರದಲ್ಲಿ ಹನ್ನೊಂದು ಘಟನೆಗಳಾದವು. ಎಂಟು ಜಳಕದ ಹೊತ್ತಿನವು, ಮೂರು ಸಂಜೆ ಆರರ ಸುತ್ತಮುತ್ತಲಿನವು. ಜಳಕದ ಎಂಟರಲ್ಲಿ ಎರಡು, ತಲೆ ಮೇಲೆ ತಂಬಿಗೆ ನೀರು ಸುರಿದಾಗ. ಉಳಿದ ಆರೂ ಒಂದೇ ಗಳಿಗೆಯಲ್ಲಿ ನಡೆದಿದ್ದವು, ಕೊರಳ ಶಿವದಾರ ತೆಗೆದು ಕುಪ್ಪಸ ಬಿಚ್ಚುವಾಗ. ಅಜ್ಜಿ ಲಿಂಗವಂತರು, ಕೊರಳಲ್ಲಿ ಇಷ್ಟಲಿಂಗ. ಸೋಪು ತಾಗಿ ದಾರ ಹಾಳಾಗುತ್ತದೆಂದು ಜಳಕ ಮಾಡಿಸುವ ಆಯಾ ಅದನ್ನು ದಿನವೂ ತೆಗೆದು ಗೂಟಕ್ಕೆ ಹಾಕುತ್ತಿದ್ದಳು. ಆಗಲೇ ಅಜ್ಜಿ ‘ಕಳ್ಳಿ, ಬಿಡ ಅದನ್ನ’ ಎಂದು ಕೂಗುತ್ತಿದ್ದದ್ದು. ಫೈಲಿನ ‘ಕಳ್ಳತನದ ಭ್ರಮೆ’ ಅಂದರೆ ಇದೇ. ಹುಟ್ಟಿದಾಗಿನಿಂದ ಮೈಮೇಲಿರುವುದನ್ನು ಗುರುತಿಲ್ಲದ ಹೆಂಗಸು ತೆಗೆದುಕೊಂಡರೆ ಯಾರಾದರೂ ಕಳ್ಳಿ ಅಂದಾರು. ಭ್ರಮೆ ಎಂಬ ಆ ಒಂದು ಶಬ್ದ ಫೈಲಿನಲ್ಲಿದ್ದರೆ ಗುಳಿಗೆ ಬರೆಯುವವರಿಗೆ ಬೇರೆ ಕಾರಣ ಬೇಕಾಗುವುದಿಲ್ಲ.

ದಾರ ತೆಗೆಯುವುದನ್ನು ಅವತ್ತೇ ನಿಲ್ಲಿಸಿದೆವು. ಲಿಂಗವನ್ನು ಅಜ್ಜಿಯ ಎಡ ಅಂಗೈಯಲ್ಲೇ ಹಿಡಿಸಿದೆವು. ಕೈಗೂ ಒಂದು ಕೆಲಸ ಸಿಕ್ಕಂತಾಯಿತು. ಮೂರು ದಿನದಲ್ಲಿ ‘ಕಳ್ಳಿ’ ಎಂಬ ಕೂಗು ಹೋಯಿತು. ಆದರೆ ಕುಪ್ಪಸ ಬಿಚ್ಚುವಾಗಿನ ಪರಚು ಹಾಗೇ ಉಳಿಯಿತು. ಹಾಗಾಗಿ ಅದಕ್ಕೆ ಬೇರೆ ಕಾರಣ ಇರಬೇಕು ಎಂದು ಗೊತ್ತಾಯಿತು.

ನೋವು ಎಲ್ಲಿದೆ ಎಂದು ಹೇಳಲಾಗದವರಲ್ಲಿ ನೋಡಿ ಅಳೆಯಲು ಪೈನಾಡ್ ಎಂಬ ಪಟ್ಟಿಯಿದೆ. ಉಸಿರಾಟ, ನರಳಿಕೆ, ಮುಖಭಾವ, ಮೈಬಿಗಿ, ಸಮಾಧಾನಕ್ಕೆ ಬಗ್ಗುತ್ತಾರೋ ಇಲ್ಲವೋ ಎಂಬ ಐದಕ್ಕೆ ತಲಾ ಸೊನ್ನೆಯಿಂದ ಎರಡು ಅಂಕ, ಒಟ್ಟು ಹತ್ತು. ಎಲ್ಲರೂ ಮಾಡುವ ತಪ್ಪೆಂದರೆ ಮಲಗಿದ್ದಾಗ ಮಾತ್ರ ನೋಡುವುದು. ಅಜ್ಜಿ ಕೂತಿದ್ದಾಗ ಅಂಕ ಒಂದು, ಬಲಗೈಯನ್ನು ಭುಜದ ಮಟ್ಟಕ್ಕೆ ಎತ್ತಿದಾಗ ಆರು. ಡಾಕ್ಟರು ನೋಡಿ ಭುಜದ ಕೀಲು ಬಿಗಿದಿದೆ ಎಂದರು. ಅವರ ತೂಕ ನೋಡಿಕೊಂಡು ಪ್ಯಾರಾಸಿಟಮಾಲ್ 500 ಮಿ.ಗ್ರಾಂ ದಿನಕ್ಕೆ ಮೂರು ಸಲ ಬರೆದುಕೊಟ್ಟರು. ಬೇಕಾದಾಗ ಅಂತಲ್ಲ, ತಪ್ಪದೆ. ಬೇಕು ಎಂದು ಕೇಳಲು ಅವರಿಗೆ ಬರುವುದಿಲ್ಲವಲ್ಲ. ಒಂದು ಡೋಸ್ ಜಳಕಕ್ಕೆ ಒಂದು ಗಂಟೆ ಮುಂಚೆ ಬರುವಂತೆ ಇಟ್ಟುಕೊಂಡೆವು. ಲಿವರ್ ತೊಂದರೆ ಇದ್ದವರಿಗೆ, ಶೀತದ ಗುಳಿಗೆಯಲ್ಲೂ ಇದೇ ಔಷಧಿ ಸೇರಿರುವವರಿಗೆ ಈ ಲೆಕ್ಕ ಬದಲಾಗುತ್ತದೆ, ಡಾಕ್ಟರನ್ನು ಕೇಳದೆ ಶುರುಮಾಡಬಾರದು.

ಜೊತೆಗೆ ಬಟ್ಟೆ ಬಿಚ್ಚುವ ಕ್ರಮ ಬದಲಾಯಿಸಿದೆವು. ಬಿಚ್ಚುವಾಗ ಸರಿಯಿರುವ ಕೈ ಮೊದಲು, ನೋವಿನ ಕೈ ಕೊನೆಗೆ. ತೊಡಿಸುವಾಗ ಇದಕ್ಕೆ ಉಲ್ಟಾ, ನೋವಿನ ಕೈ ಮೊದಲು. ತೋಳು ಮೇಲೆತ್ತಬೇಕಾಗದ, ಮುಂದೆ ಪೂರ್ತಿ ಬಿಚ್ಚುವ ಸಡಿಲ ಕುಪ್ಪಸ ನಾಲ್ಕು ಹೊಲಿಸಿದೆವು.

ಇನ್ನು ಜಳಕದ ಮಾತು. ಮಗಳನ್ನು ಕೇಳಿದಾಗ, ಅವ್ವ ಯಾವಾಗಲೂ ಹೊಲದಿಂದ ಬಂದ ಮೇಲೆ ಹನ್ನೊಂದರ ಹೊತ್ತಿಗೆ ಜಳಕ ಮಾಡುತ್ತಿದ್ದರು, ತಲೆಗೆ ವಾರಕ್ಕೊಮ್ಮೆ ಮಾತ್ರ ಎಂದರು. ನಾವು ದಿನಾ ಬೆಳಗ್ಗೆ ಆರಕ್ಕೆ ತಲೆ ಮೇಲೆ ನೀರು ಸುರಿಯುತ್ತಿದ್ದೆವು. ಯಾಕೆಂದರೆ ಎಂಟರೊಳಗೆ ಎಲ್ಲರ ಜಳಕ ಮುಗಿದಿರಬೇಕು ಎಂಬ ನಿಯಮವಿತ್ತು. ಆ ನಿಯಮ ಯಾರ ಅನುಕೂಲಕ್ಕೆ ಇತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಸಮಯ ಹನ್ನೊಂದಕ್ಕೆ ಹೋಯಿತು, ತಲೆ ಸೋಮವಾರಕ್ಕೆ. ಕರೆಯುವ ಮಾತೂ ಬದಲಾಯಿತು. ‘ಸ್ನಾನ ಮಾಡೋಣ’ ಎಂದರೆ ಅಜ್ಜಿಗೆ ಹತ್ತುತ್ತಿರಲಿಲ್ಲ. ‘ಯಮ್ಮಾ, ಕಾಲಿಗೆ ಬೆಚ್ಚನ್ ನೀರು ಹಾಕೋಣ ಬರ್ರಿ’ ಎಂದರೆ ಎದ್ದು ಬರುತ್ತಿದ್ದರು.

ಬಕೆಟ್ಟು, ಟವೆಲ್ಲು, ಬಟ್ಟೆ ಎಲ್ಲವನ್ನೂ ಮೊದಲೇ ಒಳಗಿಟ್ಟುಕೊಂಡಿರಬೇಕು. ನಡುವೆ ಸೋಪಿಗೆ ಹೋದರೆ ಆ ಹೊತ್ತಿಗೆ ಅಜ್ಜಿ ಎದ್ದು ಹೋಗಿರುತ್ತಾರೆ, ಇಲ್ಲವೇ ಜಾರಿರುತ್ತಾರೆ. ನೀರು 38ರಿಂದ 40 ಡಿಗ್ರಿ ಇರಲಿ, ಥರ್ಮಾಮೀಟರ್ ಇಲ್ಲದಿದ್ದರೆ ಮೊಳಕೈ ಅದ್ದಿ ನೋಡಬೇಕು. ಬೇಸಿಗೆಯಲ್ಲಿ ಮಧ್ಯಾಹ್ನದ ನಲ್ಲಿ ನೀರನ್ನು ನಂಬಬಾರದು, ಮಾಳಿಗೆ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಅದು ಗೀಸರ್ ಇಲ್ಲದೆಯೇ ಸುಡುವಷ್ಟು ಕಾದಿರುತ್ತದೆ. ಬೆನ್ನಿಗೂ ತೊಡೆಗೂ ಒಂದೊಂದು ದೊಡ್ಡ ಟವೆಲ್ ಹೊದಿಸಿಟ್ಟು, ತೊಳೆಯುವ ಭಾಗವನ್ನು ಮಾತ್ರ ತೆರೆದು ಮತ್ತೆ ಮುಚ್ಚುತ್ತ ಬರಬೇಕು. ಪಾದದಿಂದ ಶುರುಮಾಡಿ ಮೇಲಕ್ಕೆ, ಮುಖ ಕೊನೆಗೆ. ಇಬ್ಬರಿದ್ದರೂ ಮಾತಾಡುವವರು ಒಬ್ಬರೇ. ಮುಂಗೈ ಗಟ್ಟಿಯಾಗಿ ಹಿಡಿದುಕೊಂಡರೆ ಅವರು ಬಿಡಿಸಿಕೊಳ್ಳಲು ಹೊಡೆಯುತ್ತಾರೆ. ಅದರ ಬದಲು ಅವರ ಅಂಗೈ ಕೆಳಗೆ ನಮ್ಮ ಅಂಗೈ ಇಟ್ಟು, ತಂಬಿಗೆಯನ್ನು ಅವರೇ ಹಿಡಿದಂತೆ ಮಾಡಿಸಬೇಕು. ಎರಡು ಸಲ ಬೇಡ ಅಂದರೆ ನಿಲ್ಲಿಸಿ, ಮೈ ಒರೆಸಿ, ಬಟ್ಟೆ ಹಾಕಿ, ಇಪ್ಪತ್ತು ನಿಮಿಷ ಬಿಟ್ಟು ಇನ್ನೊಬ್ಬರು ಕರೆಯಬೇಕು. ಅವತ್ತು ಆಗಲೇ ಇಲ್ಲವೆಂದರೆ ಬಿಸಿನೀರಿನಲ್ಲಿ ಹಿಂಡಿದ ಟವೆಲ್ಲಿನಿಂದ ಹಾಸಿಗೆಯಲ್ಲೇ ಒರೆಸಿದರೂ ಸಾಕು. ಕಂಕುಳು, ಸ್ತನದ ಕೆಳಗೆ, ತೊಡೆಸಂದು ಶುಚಿಯಾಗಿ ಒಣಗಿದ್ದರೆ ದಿನಾ ಜಳಕ ಇಲ್ಲದಿದ್ದರೂ ಚರ್ಮಕ್ಕೆ ತೊಂದರೆಯಿಲ್ಲ.

ಸಂಜೆಯ ಮೂರು ಘಟನೆಗಳಿಗೆ ಇಷ್ಟೆಲ್ಲ ಬೇಕಾಗಲಿಲ್ಲ. ಕತ್ತಲಾಗುವ ಮುಂಚೆ, ಐದೂವರೆಗೇ ಎಲ್ಲ ದೀಪ ಹಚ್ಚಿದೆವು, ಕಿಟಕಿ ಗಾಜಿಗೆ ಪರದೆ ಎಳೆದೆವು. ಗಾಜಿನಲ್ಲಿ ಕಾಣುವ ತಮ್ಮದೇ ನೆರಳು ಅವರಿಗೆ ಬೇರೆ ಯಾರೋ ಆಗಿತ್ತು. ‘ಮನಿಗಿ ಹೋಗಬೇಕು’ ಎಂದಾಗ ಇದೇ ನಿಮ್ಮ ಮನೆ ಎಂದು ವಾದ ಮಾಡುವುದನ್ನು ಬಿಟ್ಟೆವು. ‘ಹೋಗೋಣಂತ, ಮೊದಲು ಚಹಾ ಕುಡೀರಿ’ ಎಂದು ಕೂಡಿಸಿ, ಬಿಡಿಸಲು ಒಂದು ಮೊರ ಶೇಂಗಾ ಮುಂದಿಟ್ಟರೆ ಆ ಗಂಟೆ ದಾಟುತ್ತಿತ್ತು. ಸಿಪ್ಪೆ ಬಾಯಿಗೆ ಹಾಕಿಕೊಳ್ಳುವವರಿಗೆ, ನುಂಗಲು ಕಷ್ಟವಿರುವವರಿಗೆ ಶೇಂಗಾ ಕೊಡಬೇಡಿ, ಮಡಚಲು ಬಟ್ಟೆ ಕೊಡಿ.

ಇದೆಲ್ಲ ಎಲ್ಲರಲ್ಲೂ ಫಲಿಸುವುದಿಲ್ಲ. ತಮಗೋ ಪಕ್ಕದವರಿಗೋ ನಿಜವಾಗಿ ಅಪಾಯ ತಂದುಕೊಳ್ಳುವವರು, ಯಾರೋ ಕೊಲ್ಲಲು ಬಂದಿದ್ದಾರೆಂದು ಹಗಲು ರಾತ್ರಿ ನಡುಗುವವರು ಇದ್ದಾರೆ. ಅವರಿಗೆ ಡಾಕ್ಟರು ಗುಳಿಗೆ ಬರೆದರೆ ನಾವು ಕೇಳಿ ಬರೆದುಕೊಳ್ಳುವುದು ಮೂರು: ಯಾವ ಲಕ್ಷಣಕ್ಕೆ, ಎಷ್ಟು ಕಡಿಮೆ ಡೋಸ್, ಯಾವ ತಾರೀಖಿಗೆ ಮತ್ತೆ ನೋಡುವುದು. ಬ್ರಿಟನ್ನಿನ ಮಾರ್ಗಸೂಚಿ ಕನಿಷ್ಠ ಆರು ವಾರಕ್ಕೊಮ್ಮೆ ಮರುಪರಿಶೀಲನೆ ಮಾಡಿ ಎನ್ನುತ್ತದೆ. ಮೊದಲ ದಿನಗಳಲ್ಲಿ ಮೈ ಬಿಗಿತ, ಜೊಲ್ಲು, ಹಗಲು ಮಂಪರು, ನಡಿಗೆ ತಡವರಿಸುವುದನ್ನು ಪ್ರತಿ ಡ್ಯೂಟಿಯಲ್ಲೂ ನೋಡಬೇಕು. ಇಲ್ಲದ ಜನ, ಮಕ್ಕಳು, ಪ್ರಾಣಿಗಳು ಸ್ಪಷ್ಟವಾಗಿ ಕಾಣುತ್ತವೆ ಎನ್ನುವವರಿಗೆ, ಜೊತೆಗೆ ಕೈಕಾಲು ಬಿಗಿ ಇದ್ದು ದಿನದಿಂದ ದಿನಕ್ಕೆ ಎಚ್ಚರ ಏರಿಳಿಯುವವರಿಗೆ ಲೂವಿ ಬಾಡಿ ಡಿಮೆನ್ಶಿಯಾ ಇರಬಹುದು. ಅವರಿಗೆ ಹ್ಯಾಲೊಪೆರಿಡಾಲ್‌ನಂಥ ಔಷಧಿ ಜೀವಕ್ಕೇ ಮುಳುವಾಗಬಹುದು, ಈ ಲಕ್ಷಣಗಳನ್ನು ಡಾಕ್ಟರಿಗೆ ಮೊದಲೇ ಹೇಳಬೇಕು.

ಅಜ್ಜಿಯ ಹಾಳೆಯಲ್ಲಿ ಮೂರನೇ ವಾರ ಎರಡು ಘಟನೆಗಳಷ್ಟೇ ಇದ್ದವು. ನಾಲ್ಕನೇ ವಾರ ಭಾನುವಾರ, ಸೋಮವಾರ ಮತ್ತೆ ಪರಚಿದರು. ಕಾಯಿಲೆ ಮುಂದೆ ಹೋಯಿತು, ಈಗಲಾದರೂ ಗುಳಿಗೆ ಶುರುಮಾಡೋಣ ಎಂದು ಒಬ್ಬರು ಅಂದರು. ಹಾಳೆ ತೆಗೆದು ನೋಡಿದರೆ ಎರಡೂ ಕುಪ್ಪಸ ಬಿಚ್ಚುವಾಗಿನವು. ಶನಿವಾರ ರಾತ್ರಿ ಪ್ಯಾರಾಸಿಟಮಾಲ್ ಪಟ್ಟಿ ಖಾಲಿಯಾಗಿತ್ತು, ಸೋಮವಾರ ಮಧ್ಯಾಹ್ನದವರೆಗೆ ಯಾರೂ ತಂದಿರಲಿಲ್ಲ. ಈಗ ಹತ್ತು ಗುಳಿಗೆ ಉಳಿದಾಗಲೇ ಹೊಸ ಪಟ್ಟಿ ತರಿಸುತ್ತೇವೆ.