ಟ್ರೇಲರ್ ಕೆಳಗಿನ ಬರಹ: ಗುಟ್ಟು ಬಿಡದೆ, ಹೆಸರು ಮರೆಯದೆ

ಟ್ರೇಲರ್ ಕಟ್ ಮಾಡಲು ತಿಂಗಳು, ಬಣ್ಣ ತಿದ್ದಲು ವಾರ, ಅದರ ಕೆಳಗಿನ ಬರಹಕ್ಕೆ ಐದು ನಿಮಿಷ. ಸಣ್ಣ ಬಜೆಟ್ಟಿನ ಕನ್ನಡ ಚಿತ್ರತಂಡಗಳಲ್ಲಿ ನಾನು ನೋಡಿರುವ ಲೆಕ್ಕ ಹೆಚ್ಚೂಕಡಿಮೆ ಇದೇ. ವಿಡಿಯೊ ಅಪ್‌ಲೋಡ್ ಆಗುತ್ತಿರುವಾಗ ನಿರ್ದೇಶಕರು ‘ಏನಾದ್ರೂ ಹಾಕಪ್ಪ’ ಅನ್ನುತ್ತಾರೆ. ಸಹಾಯಕ ನಿರ್ದೇಶಕ ಕಥಾಸಾರಾಂಶ ತೆರೆದು ನಾಲ್ಕು ಸಾಲು ಎತ್ತಿ ಅಂಟಿಸುತ್ತಾನೆ. ಆ ಸಾರಾಂಶ ಬರೆದದ್ದು ನಿರ್ಮಾಪಕರಿಗೆ, ಚಿತ್ರೋತ್ಸವದ ಆಯ್ಕೆ ಸಮಿತಿಗೆ. ಅದರಲ್ಲಿ ಕೊನೆಯೂ ಇರುತ್ತದೆ. ಎರಡು ನಿಮಿಷದ ಟ್ರೇಲರ್‌ನಲ್ಲಿ ಸಂಕಲನಕಾರ ಜೋಪಾನವಾಗಿ ಮುಚ್ಚಿಟ್ಟದ್ದನ್ನು ಕೆಳಗಿನ ಎರಡು ಸಾಲು ಬಿಚ್ಚಿ ಹೇಳಿಬಿಡುತ್ತದೆ. ಅದರ ಜೊತೆಗೆ ‘ಧನ್ಯವಾದಗಳು ಇಡೀ ತಂಡಕ್ಕೆ’ ಎಂದು ಹಾಕಿ, ತಿಂಗಳುಗಟ್ಟಲೆ ನಿದ್ದೆಗೆಟ್ಟವರ ಹೆಸರನ್ನೆಲ್ಲ ಒಂದೇ ಪದದಲ್ಲಿ ಮುಗಿಸುತ್ತಾರೆ.

ಕೆಲಸವನ್ನು ವಿವರವಾಗಿ ತೋರಿಸಲು ಒಂದು ಚಿತ್ರವನ್ನು ಕಲ್ಪಿಸಿಕೊಳ್ಳೋಣ. ಹೆಸರು ‘ತೂಕ’. ಸಾಗರದ ಅಡಿಕೆ ಮಂಡಿಯೊಂದರಲ್ಲಿ ಗಣಪಣ್ಣ ವರ್ಷಗಳಿಂದ ತೂಕ ಹಾಕುತ್ತಾನೆ. ಒಂದು ದಿನ ವಾರಸುದಾರರಿಲ್ಲದ ಚೀಲವೊಂದು ಮಂಡಿಗೆ ಬಂದು ಬೀಳುತ್ತದೆ. ಅದೇ ಹೊತ್ತಿಗೆ ಲೆಕ್ಕ ಬರೆಯಲು ಹೊಸ ಹುಡುಗಿ ಕೆಲಸಕ್ಕೆ ಸೇರುತ್ತಾಳೆ. ಚಿತ್ರದ ಕೊನೆಯಲ್ಲಿ ತಿಳಿಯುವುದು ಇದು: ಗಣಪಣ್ಣ ತೂಕದಲ್ಲಿ ಮಾಡಿದ ಮೋಸದಿಂದ ಒಬ್ಬ ರೈತ ತೋಟ ಕಳೆದುಕೊಂಡಿದ್ದ, ಹುಡುಗಿ ಅವನ ಮಗಳು, ಚೀಲ ಕಳಿಸಿದವಳೂ ಅವಳೇ.

ಹಂತ 1: ಹೆಸರುಗಳ ಪಟ್ಟಿ

ಇದನ್ನು ಬಿಡುಗಡೆಗೆ ಒಂದು ವಾರ ಮೊದಲೇ ಮಾಡಿ. ಪ್ರತಿಯೊಬ್ಬರಿಗೂ ಸಂದೇಶ ಕಳಿಸಿ ಎರಡೇ ವಿಷಯ ಕೇಳಿ: ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು, ಇನ್‌ಸ್ಟಾಗ್ರಾಂ ಖಾತೆಯ ಹೆಸರೇನು. ಖಾತೆಯ ಹೆಸರನ್ನು ನೆನಪಿನಿಂದ ಟೈಪ್ ಮಾಡಬೇಡಿ. ಒಂದು ಚುಕ್ಕಿಯೋ ಅಡಿಗೆರೆಯೋ ತಪ್ಪಿದರೆ ನಿಮ್ಮ ಛಾಯಾಗ್ರಾಹಕರ ಬದಲು ಯಾರೋ ಮದುವೆ ಫೋಟೊಗ್ರಾಫರ್ ಪುಟಕ್ಕೆ ಜನ ಹೋಗುತ್ತಾರೆ. ಸ್ವಲ್ಪ ಹೆಸರಾದ ನಟರಿದ್ದರೆ ಅಭಿಮಾನಿಗಳು ನಡೆಸುವ ಪುಟಗಳೂ ಇರುತ್ತವೆ, ಅದನ್ನೂ ನೋಡಿಕೊಳ್ಳಿ.

ಹಂತ 2: ಕೆಣಕುವ ಎರಡು ಸಾಲು

ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೋಗೋಣ.

ಮೊದಲ ನಿಯಮ: ಬರಹಕ್ಕೆ ಸರಕು ಟ್ರೇಲರ್‌ನಿಂದಲೇ ಬರಬೇಕು, ಅದರಲ್ಲೂ ಚಿತ್ರದ ಮೊದಲ ಇಪ್ಪತ್ತು ನಿಮಿಷದಲ್ಲಿ ನಡೆಯುವುದರಿಂದ. ಟ್ರೇಲರ್‌ನಲ್ಲಿ ಮಿಂಚಿ ಮಾಯವಾಗುವ ದೃಶ್ಯಕ್ಕೆ ಬರಹ ಅರ್ಥ ಹೇಳಕೂಡದು. ‘ತೂಕ’ದ ಟ್ರೇಲರ್‌ನಲ್ಲಿ ಹುಡುಗಿ ಹಳೇ ಲೆಕ್ಕದ ಪುಸ್ತಕದ ಹಾಳೆ ಹರಿಯುವ ಒಂದು ಶಾಟ್ ಇದೆ ಎನ್ನೋಣ. ನೋಡುವವರಿಗೆ ಅದು ಬರೀ ಹಾಳೆ. ಕೆಳಗೆ ‘ಹಳೇ ಲೆಕ್ಕ ಚುಕ್ತಾ ಮಾಡಲು ಬಂದವಳು’ ಎಂದು ಬರೆದಿರೋ, ಕಥೆ ಮುಗಿಯಿತು.

ಇಂಥ ತಂಡ ಸಾಮಾನ್ಯವಾಗಿ ಬರೆಯುವ ಸಾಲುಗಳು ಮೂರು ಬಗೆ. ಮೊದಲನೆಯದು: ‘ತೂಕದಲ್ಲಿ ಮೋಸ ಮಾಡಿದವನಿಗೆ ಕಾಲವೇ ತಕ್ಕಡಿ ಹಿಡಿದರೆ? ಸೇಡಿನ ರೋಚಕ ಕಥೆ.’ ಗಣಪಣ್ಣ ಕಳ್ಳ ಅನ್ನುವುದೂ ಹೋಯಿತು, ಸೇಡು ಅನ್ನುವುದೂ ಹೋಯಿತು. ಎರಡನೆಯದು: ‘ಊಹಿಸಲಾಗದ ಕ್ಲೈಮ್ಯಾಕ್ಸ್!’ ಇದು ಗುಟ್ಟು ಬಿಡುವುದಿಲ್ಲ ಎಂದು ತಂಡ ವಾದಿಸುತ್ತದೆ. ಆದರೆ ಟ್ವಿಸ್ಟ್ ಇದೆ ಎಂದು ಹೇಳುವುದೇ ಟ್ವಿಸ್ಟನ್ನು ಅರ್ಧ ಕೊಂದಂತೆ. ಪ್ರೇಕ್ಷಕ ಮೊದಲ ದೃಶ್ಯದಿಂದಲೇ ಎಲ್ಲರ ಮೇಲೂ ಅನುಮಾನ ಪಡುತ್ತಾ ಕೂರುತ್ತಾನೆ. ಮೂರನೆಯದು ಬಲು ಮೋಸದ್ದು: ‘ಆ ಹುಡುಗಿ ನಿಜಕ್ಕೂ ಯಾರು?’ ಪ್ರಶ್ನೆಯಾದ್ದರಿಂದ ಏನೂ ಹೇಳಿಲ್ಲ ಅನ್ನಿಸುತ್ತದೆ. ಆದರೆ ಅಲ್ಲಿಯವರೆಗೆ ನೋಡುವವರ ಪಾಲಿಗೆ ಆಕೆ ಲೆಕ್ಕ ಬರೆಯುವ ಹುಡುಗಿ ಮಾತ್ರ. ಅವಳಲ್ಲಿ ಏನೋ ಇದೆ ಎಂದು ಬೆರಳು ಮಾಡಿ ತೋರಿಸಿದ್ದು ನೀವೇ.

ಹಾಗಾದರೆ ಏನು ಬರೆಯಬೇಕು? ಪಾತ್ರ ಮಾಡುತ್ತಿರುವ ಒಂದು ವಿಚಿತ್ರ ಕೆಲಸವನ್ನು ಹೇಳಿ, ಕಾರಣ ಹೇಳಬೇಡಿ. ನಾನಾದರೆ ‘ತೂಕ’ಕ್ಕೆ ಹೀಗೆ ಬರೆಯುತ್ತೇನೆ:

ಬಂದ ಚೀಲಕ್ಕೆಲ್ಲ ಗಣಪಣ್ಣ ತೂಕ ಬರೆದಿದ್ದಾನೆ.
ಈ ಒಂದು ಚೀಲವನ್ನು ಮಾತ್ರ ತಕ್ಕಡಿಗೆ ಏರಿಸುತ್ತಿಲ್ಲ.

ಮನುಷ್ಯ, ಅವನ ಕಸುಬು, ಒಂದು ವಸ್ತು ಇಷ್ಟೂ ಕಣ್ಣಿಗೆ ಕಾಣುತ್ತವೆ. ‘ಯಾಕೆ?’ ಅನ್ನುವ ಪ್ರಶ್ನೆ ಓದುವವರ ಬಾಯಲ್ಲಿ ಬರುತ್ತದೆ, ಅದನ್ನು ನೀವು ಬರೆಯಬೇಕಿಲ್ಲ. ಸೇಡು, ಮೋಸ, ಹುಡುಗಿ ಯಾವುದರ ಸುಳಿವೂ ಇಲ್ಲ. ‘ರೋಚಕ’, ‘ಮನಮಿಡಿಯುವ’, ‘ಮಾಸ್ಟರ್‌ಪೀಸ್’ ಇವನ್ನು ನಿಮ್ಮ ಚಿತ್ರದ ಬಗ್ಗೆ ನೀವೇ ಬರೆದುಕೊಳ್ಳಬೇಡಿ. ಬೆಂಕಿ ಇಮೋಜಿ ಒಂದೂ ಬೇಡ.

ಸಾಲು ಸಿಕ್ಕಿತೆಂದು ಖುಷಿಪಡುವ ಮೊದಲು ಒಂದು ಪರೀಕ್ಷೆ. ಚಿತ್ರದ ಬಗ್ಗೆ ಏನೂ ಗೊತ್ತಿಲ್ಲದವರಿಗೆ ಟ್ರೇಲರ್ ತೋರಿಸಿ, ಬರಹ ಓದಿಸಿ, ‘ಕೊನೆಗೆ ಏನಾಗಬಹುದು?’ ಎಂದು ಕೇಳಿ. ಬರಹವಿಲ್ಲದೆ ಬರೀ ಟ್ರೇಲರನ್ನು ಇನ್ನೊಬ್ಬರಿಗೆ ತೋರಿಸಿ ಅದೇ ಪ್ರಶ್ನೆ ಕೇಳಿ. ಬರಹ ಓದಿದವರ ಊಹೆಯೇ ನಿಜಕ್ಕೆ ಹತ್ತಿರವಾಗಿದ್ದರೆ ಸಾಲು ಬದಲಿಸಿ. ತಂಡದವರನ್ನು ಈ ಪರೀಕ್ಷೆಗೆ ಕೂರಿಸಬೇಡಿ. ಕಥೆ ಗೊತ್ತಿರುವವರ ಕಣ್ಣಿಗೆ ಯಾವ ಸುಳಿವೂ ಸುಳಿವಾಗಿ ಕಾಣುವುದಿಲ್ಲ.

ಇನ್ನು ಅಳತೆ. ಇನ್‌ಸ್ಟಾಗ್ರಾಂ ಬರಹಕ್ಕೆ 2,200 ಅಕ್ಷರ ಕೊಡುತ್ತದೆ, ಆದರೆ ಬೆರಳಿಟ್ಟು ತೆರೆಯುವ ಮುನ್ನ ಕಾಣುವುದು ಸುಮಾರು 125. ರೀಲ್‌ನಲ್ಲಿ ಇನ್ನೂ ಕಡಿಮೆ. ಕನ್ನಡದಲ್ಲಿ ಈ ಲೆಕ್ಕ ಬೇಗ ಕರಗುತ್ತದೆ, ಯಾಕೆಂದರೆ ಯಂತ್ರ ಎಣಿಸುವುದು ನಾವು ಎಣಿಸಿದಂತೆ ಅಲ್ಲ. ಕಾಗುಣಿತ, ಒತ್ತು ಎಲ್ಲವೂ ಅದಕ್ಕೆ ಬೇರೆ ಬೇರೆ ಅಕ್ಷರ: ‘ಅಡಿಕೆ’ ನಮಗೆ ಮೂರು, ಅದಕ್ಕೆ ಐದು. ಮೇಲಿನ ಎರಡು ಸಾಲು ಸೇರಿ ನೂರರೊಳಗೇ ಇವೆ. ‘ಬಹುದಿನಗಳ ನಿರೀಕ್ಷೆಯ ನಂತರ ನಿಮ್ಮ ಮುಂದೆ ಸವಿನಯವಾಗಿ’ ಎಂದು ಶುರುಮಾಡಿದರೆ ಕಾಣುವ ಜಾಗವೆಲ್ಲ ಸವಿನಯಕ್ಕೇ ಖರ್ಚು.

ಅಂದಹಾಗೆ, ಪತ್ರಿಕಾ ಪ್ರಕಟಣೆಯಿಂದ ನಕಲು ಮಾಡುವ ಒಳದಾರಿ ಹಿಡಿಯುವವರು ಗಮನಿಸಿ. ಅದನ್ನು ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ. ಪರಿವರ್ತಕಗಳು ಅರ್ಕಾವತ್ತನ್ನು ಹಾಳುಮಾಡುವುದುಂಟು.

ಹಂತ 3: ತಂಡಕ್ಕೆ ಸಲ್ಲಬೇಕಾದದ್ದು

ಎರಡು ಸಾಲಿನ ಕೆಳಗೆ ಒಂದು ಸಾಲು ಖಾಲಿ ಬಿಟ್ಟು, ಹೆಸರುಗಳು. ಕ್ರಮದ ಬಗ್ಗೆ ಜಗಳ ಬೇಡವಾದರೆ ಚಿತ್ರದ ಶೀರ್ಷಿಕೆ ಕಾರ್ಡುಗಳ ಕ್ರಮವನ್ನೇ ಅನುಸರಿಸಿ. ಅದು ಆಗಲೇ ಜಗಳವಾಡಿ ಇತ್ಯರ್ಥವಾದ ಪಟ್ಟಿ. ಇನ್‌ಸ್ಟಾಗ್ರಾಂನಲ್ಲಿ ವಿಭಾಗದ ಮುಖ್ಯಸ್ಥರು, ಯೂಟ್ಯೂಬ್ ವಿವರಣೆಯಲ್ಲಿ ಪೂರ್ತಿ ಪಟ್ಟಿ. ಅಲ್ಲಿ 5,000 ಅಕ್ಷರ ಸಿಗುತ್ತದೆ, ಲೈಟ್ ಹುಡುಗರಿಂದ ಅಡುಗೆಯವರವರೆಗೆ ಎಲ್ಲರೂ ಹಿಡಿಸುತ್ತಾರೆ.

ನಾನು ಬರೆಯುವ ರೂಪ ಇದು:

ತಾರಾಗಣ: (ಹೆಸರುಗಳು)
ಕಥೆ, ಚಿತ್ರಕಥೆ, ನಿರ್ದೇಶನ: (ಹೆಸರು)
ಸಂಭಾಷಣೆ: (ಹೆಸರು)
ಛಾಯಾಗ್ರಹಣ: (ಹೆಸರು)
ಸಂಕಲನ: (ಹೆಸರು)
ಟ್ರೇಲರ್ ಸಂಕಲನ: (ಹೆಸರು)
ಸಂಗೀತ: (ಹೆಸರು)
ಸಿಂಕ್ ಸೌಂಡ್, ಧ್ವನಿ ವಿನ್ಯಾಸ: (ಹೆಸರುಗಳು)
ಕಲೆ, ವಸ್ತ್ರ ವಿನ್ಯಾಸ, ಪ್ರಸಾಧನ: (ಹೆಸರುಗಳು)
ನಿರ್ಮಾಣ: (ಹೆಸರು)

ಟ್ರೇಲರ್ ಕಟ್ ಮಾಡಿದವರು ಬೇರೆಯವರಾಗಿದ್ದರೆ ಅವರಿಗೊಂದು ಸಾಲು ಕೊಡಲೇಬೇಕು. ಜನ ಇವತ್ತು ನೋಡುತ್ತಿರುವುದು ಅವರ ಕೆಲಸವನ್ನೇ, ಆದರೂ ಮೊದಲು ಮರೆತುಹೋಗುವ ಹೆಸರು ಅದೇ. ಧ್ವನಿ ವಿಭಾಗದ್ದೂ ಇದೇ ಪಾಡು. ಟ್ರೇಲರ್‌ನಲ್ಲಿ ಹಾಡಿನ ತುಣುಕಿದ್ದರೆ ಹಾಡಿದವರು, ಬರೆದವರು ಇಬ್ಬರೂ ಬರಬೇಕು.

ಖಾತೆ ಇಲ್ಲದವರ ಹೆಸರನ್ನು ಸುಮ್ಮನೆ ಕನ್ನಡದಲ್ಲಿ ಬರೆಯಿರಿ. ಇನ್‌ಸ್ಟಾಗ್ರಾಂ ಇಲ್ಲ ಅನ್ನುವ ಕಾರಣಕ್ಕೆ ಹಿರಿಯ ರಂಗಭೂಮಿ ಕಲಾವಿದರನ್ನು ಪಟ್ಟಿಯಿಂದಲೇ ಬಿಟ್ಟ ಪೋಸ್ಟುಗಳನ್ನು ನೋಡಿದ್ದೇನೆ. ಪಟ್ಟಿಯನ್ನು ಮೊದಲ ಕಾಮೆಂಟಿಗೆ ತಳ್ಳುವ ಅಭ್ಯಾಸವೂ ಬೇಡ. ಬೇರೆಯವರು ಪೋಸ್ಟ್ ಹಂಚಿಕೊಂಡಾಗ ಆ ಕಾಮೆಂಟ್ ಜೊತೆಗೆ ಹೋಗುವುದಿಲ್ಲ.

ಈಗ ಬಹಳ ಜನ ಯೋಚಿಸದ ಸಂಗತಿ: ಗುಟ್ಟು ಬಯಲಾಗುವುದು ಹೆಸರುಗಳ ಪಟ್ಟಿಯಲ್ಲೂ ಹೌದು. ‘ತೂಕ’ದ ಪಟ್ಟಿಯಲ್ಲಿ ನಟಿಯ ಹೆಸರಿನ ಮುಂದೆ ‘ರೈತನ ಮಗಳಾಗಿ’ ಎಂದು ಬರೆದರೆ ಹಂತ ಎರಡರ ಶ್ರಮವೆಲ್ಲ ನೀರುಪಾಲು. ‘ಬಾಲ್ಯದ ಪಾತ್ರದಲ್ಲಿ’ ಎಂದರೆ ಫ್ಲ್ಯಾಷ್‌ಬ್ಯಾಕ್ ಇದೆ ಎಂದು ಗೊತ್ತಾಗುತ್ತದೆ. ತಾರಾಗಣದಲ್ಲಿ ಪಾತ್ರದ ವಿವರ ಹಾಕದೆ ಬರೀ ಹೆಸರು ಹಾಕಿ. ಒಬ್ಬ ಕಲಾವಿದರು ಚಿತ್ರದಲ್ಲಿ ಇರುವುದೇ ಗುಟ್ಟಾಗಿದ್ದರೆ, ಅವರನ್ನು ಕೇಳಿ ಒಪ್ಪಿಗೆ ಪಡೆದು ಬಿಡುಗಡೆಯ ನಂತರ ಸೇರಿಸಿ. ಕೇಳದೆ ಬಿಟ್ಟರೆ ಅದು ಮರೆವು ಅನ್ನಿಸಿಕೊಳ್ಳುತ್ತದೆ. #ಸೇಡು ಎಂಬಂಥ ಹ್ಯಾಷ್‌ಟ್ಯಾಗ್ ಕೂಡ ಇದೇ ಜಾತಿಯದು.

ಹಂತ 4: ದಿನಾಂಕ, ಶೀರ್ಷಿಕೆ, ಉಳಿದದ್ದು

ಚಿತ್ರಮಂದಿರ ಖಚಿತವಾಗದೆ ದಿನಾಂಕ ಬರೆಯಬೇಡಿ. ಸಣ್ಣ ಚಿತ್ರಗಳಿಗೆ ಪರದೆ ಸಿಗುವುದು ಕೊನೇ ಗಳಿಗೆಯಲ್ಲಿ; ಶುಕ್ರವಾರ ಎಂದು ಬರೆದು ಮುಂದೂಡಿದರೆ ಹಳೇ ಪೋಸ್ಟ್ ಊರೆಲ್ಲ ಸುತ್ತುತ್ತಿರುತ್ತದೆ. ಸೆನ್ಸಾರ್ ಪ್ರಮಾಣಪತ್ರ ಕೈಗೆ ಬಂದಿದ್ದರೆ ಅದನ್ನು ಈಗಿನ ರೂಪದಲ್ಲೇ ಬರೆಯಿರಿ: ಯುಎ ಈಗ 7+, 13+, 16+ ಎಂದು ಮೂರು ಭಾಗ.

ಯೂಟ್ಯೂಬ್ ಶೀರ್ಷಿಕೆಗೆ 100 ಅಕ್ಷರದ ಮಿತಿ. ಚಿತ್ರದ ಹೆಸರು ಮೊದಲು ಬರಲಿ, ಬ್ಯಾನರಿನ ಹೆಸರು ಕೊನೆಗಿರಲಿ. ಹುಡುಕುವವರಲ್ಲಿ ಬಹಳ ಜನ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುವುದರಿಂದ `Thooka` ಎಂದೋ `Tooka` ಎಂದೋ ಒಂದನ್ನು ನಿರ್ಧರಿಸಿ, ಪೋಸ್ಟರ್‌ನಿಂದ ಟಿಕೆಟ್ ಆ್ಯಪ್‌ವರೆಗೆ ಅದನ್ನೇ ಉಳಿಸಿಕೊಳ್ಳಿ. ಹ್ಯಾಷ್‌ಟ್ಯಾಗ್ ಮೂರು ಸಾಕು. ಇನ್‌ಸ್ಟಾಗ್ರಾಂ ಬರಹದಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ, ಅದನ್ನು ಪ್ರೊಫೈಲಿನಲ್ಲಿ ಇಡಿ. ‘ಒಂದು ದಿನದಲ್ಲಿ ಲಕ್ಷ ವ್ಯೂಸ್’ ಎಂದು ಮೆಸೇಜ್ ಮಾಡುವ ಪ್ರಚಾರ ಪುಟಗಳಿಗೆ ಉತ್ತರಿಸಬೇಡಿ. ಆ ವ್ಯೂಸ್ ಟಿಕೆಟ್ ಕೊಳ್ಳುವುದಿಲ್ಲ.

ಹಂತ 5: ತಂಡದ ವಾಟ್ಸ್ಆ್ಯಪ್ ಗುಂಪು

ಪೋಸ್ಟ್ ಹಾಕುವ ಹಿಂದಿನ ರಾತ್ರಿ ಗುಂಪಿನಲ್ಲಿ ಎರಡು ಸಂದೇಶ ಕಳಿಸಿ. ಒಂದು, ಹಂಚಿಕೊಳ್ಳುವಾಗ ನಕಲು ಮಾಡಲು ಸಿದ್ಧ ಬರಹ. ಇನ್ನೊಂದು, ಏನು ಹೇಳಬಾರದು ಅನ್ನುವ ಪಟ್ಟಿ: ಹುಡುಗಿ ಯಾರ ಮಗಳು, ಚೀಲ ಎಲ್ಲಿಂದ ಬಂತು, ಯಾವುದು ಕೊನೆಯ ದಿನದ ಚಿತ್ರೀಕರಣ. ಕೊಲಾಬ್ ಆಹ್ವಾನ ಕಳಿಸಿದ ಕಲಾವಿದರಿಗೆ ಫೋನ್ ಮಾಡಿ ‘ಅಣ್ಣ, ಒಪ್ಪಿಕೊಂಡ್ರಾ?’ ಎಂದು ಕೇಳಿ. ಒಪ್ಪಿಕೊಳ್ಳುವ ತನಕ ಪೋಸ್ಟ್ ಅವರ ಪುಟದಲ್ಲಿ ಕಾಣುವುದಿಲ್ಲ. ಮೊದಲ ಒಂದು ಗಂಟೆ ಯಾರಾದರೊಬ್ಬರು ಕಾಮೆಂಟ್ ನೋಡುತ್ತಿರಲಿ. ‘ನಮ್ಮ ಹುಡುಗ ಕ್ಲೈಮ್ಯಾಕ್ಸ್‌ನಲ್ಲಿ ಸಾಯೋ ಸೀನು ಸೂಪರ್’ ಎಂದು ಬರೆಯುವ ನಟನ ಸೋದರಮಾವ ಪ್ರತಿ ಚಿತ್ರಕ್ಕೂ ಒಬ್ಬರು ಇದ್ದೇ ಇರುತ್ತಾರೆ. ಕಾಮೆಂಟ್ ಅಳಿಸಿ, ಅವರಿಗೊಂದು ಫೋನ್ ಮಾಡಿ.